ಪದಚರ್ಚೆ: ‘ಬದಲಿಸಿ ಕೊಡುತ್ತಾರೆ’ ಎಂಬುದು ರೂಢಿಯೋ, ಕೊಟ್ಟ ಮಾತೋ?

ಬಳಗದ ಹಿರಿಯರಿಗೆ ನಮಸ್ಕಾರ.

ವಿಜಯಪುರದ ದ್ರಾಕ್ಷಿ ಬೆಳೆಗಾರರ ಸಂಘವೊಂದರಲ್ಲಿ ನಾನು ಸಭೆಯ ನಡಾವಳಿ ಬರೆಯುತ್ತೇನೆ. ಒಣದ್ರಾಕ್ಷಿ ತುಂಬುವ 15 ಕಿಲೋದ ರಟ್ಟಿನ ಬಾಕ್ಸ್‌ಗಳ ಖರೀದಿಗಾಗಿ ಕಳೆದ ವಾರ ಪೂರೈಕೆದಾರರೊಡನೆ ದರದ ಮಾತುಕತೆ ನಡೆಯಿತು. ನಡಾವಳಿಯನ್ನು ಪರಿಶೀಲನೆಗೆಂದು ವಕೀಲರಿಗೆ ಕಳಿಸಿದಾಗ ಅವರು ಎರಡು ವಾಕ್ಯಗಳ ಕೆಳಗೆ ಗೆರೆ ಎಳೆದು, ‘ಅವರು ಹೇಳಿದ್ದು ಇಷ್ಟೆಯೇ?’ ಎಂದು ಬರೆದು ಮರಳಿಸಿದ್ದಾರೆ. ಆ ವಾಕ್ಯಗಳು ಇವು:

‘ಪೂರೈಕೆದಾರರು ಬಾಕ್ಸ್ ಒಂದಕ್ಕೆ ರೂ. 42ರ ದರಕ್ಕೆ ಒಪ್ಪಿರುತ್ತಾರೆ. ಸಾಗಣೆಯಲ್ಲಿ ಹಾಳಾದ ಬಾಕ್ಸ್‌ಗಳನ್ನು ಬದಲಿಸಿ ಕೊಡುತ್ತಾರೆ.’

ಸಭೆಯಲ್ಲಿ ನಡೆದದ್ದು ಹೀಗಿದೆ. ಅವರು ಮೊದಲು 44 ರೂಪಾಯಿ 50 ಪೈಸೆ ಎಂದರು, ನಮ್ಮ ಅಧ್ಯಕ್ಷರು 42 ಎಂದರು. ಅವರು ಸ್ವಲ್ಪ ಹೊತ್ತು ಕ್ಯಾಲ್ಕುಲೇಟರ್ ಒತ್ತಿ, “ಹತ್ತು ಸಾವಿರ ಒಮ್ಮೆಲೇ ಎತ್ತಿ, ಮೂವತ್ತು ದಿನದಾಗ ರೊಕ್ಕ ಕೊಟ್ರ 42ಕ್ಕ ಕೊಡ್ತೀನ್ರಿ” ಎಂದರು. ಅಧ್ಯಕ್ಷರು “ನೋಡೋಣ್ರಿ” ಎಂದರು, ಅಷ್ಟರಲ್ಲಿ ಚಹಾ ಬಂತು. ಹಾಳಾದ ಬಾಕ್ಸ್‌ನ ಮಾತು ಬಂದಾಗ ಅವರು ಹೇಳಿದ್ದು, “ಬದಲಿ ಕೊಡ್ತೀವ್ರಿ, ಎಲ್ಲಾರಿಗೂ ಕೊಡ್ತೀವಿ” ಎಂದಷ್ಟೆ. ‘ಕೊಡುತ್ತಾರೆ’ ಎಂಬ ರೂಪ ದಿನದ ರೂಢಿಗೂ ಮುಂದೆ ಮಾಡಲಿರುವ ಕೆಲಸಕ್ಕೂ ಒಂದೇ ಆಗಿರುವಾಗ, ಅದನ್ನು ಕೊಟ್ಟ ಮಾತೆಂದು ಕಾಣಿಸಲು ಯಾವ ರೂಪ ಬಳಸಬೇಕು? ‘ಬದಲಿಸಿ ಕೊಡತಕ್ಕದ್ದು’ ಎಂದು ಬರೆದರೆ ಸರಿಹೋಗುವುದೆ?

*

ಬಾಗಲಕೋಟೆಯಿಂದ, ಒಬ್ಬ ಕನ್ನಡ ಮೇಷ್ಟರು:

‘ಒಪ್ಪಿಗೆ’ ಬೇರೆ, ‘ಒಪ್ಪಂದ’ ಬೇರೆ. ಒಪ್ಪಿಗೆ ಬಾಯಿಮಾತು, ಸಹಿ ಬಿದ್ದ ಕಾಗದಕ್ಕೆ ಮಾತ್ರ ಒಪ್ಪಂದವೆಂದು ಹೆಸರು. ನಡಾವಳಿಗೆ ಪೂರೈಕೆದಾರರ ಸಹಿ ಇಲ್ಲವಾದ್ದರಿಂದ ತಾವು ಯಾವ ಕ್ರಿಯಾಪದ ಬಳಸಿದರೂ ಬಾಧಕವಿಲ್ಲವೆಂದು ನನ್ನ ಅಭಿಪ್ರಾಯ.

*

ಬೆಳಗಾವಿಯಿಂದ, ಕಿರಾಣಿ ಸಗಟು ವ್ಯಾಪಾರಿ:

ನನ್ನ ಅನುಭವ ಹೇಳುತ್ತೇನೆ. ಇನ್ನೂ ತೀರ್ಮಾನವಾಗದ ವಿಷಯಗಳಿಗೆ ನಮ್ಮ ಗುಮಾಸ್ತರು ‘ಬಾಕಿ ಅಂಶಗಳು’ ಎಂದು ತಲೆಬರಹ ಕೊಟ್ಟು, ಅದರ ಕೆಳಗೆ ‘ಸಾಗಣೆ ವೆಚ್ಚ’ ಎಂದು ಬರೆದಿದ್ದರು. ಎದುರಿನವರು ಅದನ್ನು ಓದಿ, ನಾವು ಸಾಗಣೆ ವೆಚ್ಚವನ್ನು ಬಾಕಿ ಉಳಿಸಿಕೊಂಡಿದ್ದೇವೆಂದು ತಿಳಿದು ಬಿಲ್ಲನ್ನೇ ಕಳಿಸಿದರು! ಪೇಟೆಯಲ್ಲಿ ಬಾಕಿ ಎಂದರೆ ರೊಕ್ಕವೇ. ದಯವಿಟ್ಟು ಆ ಪದ ಬಳಸಬೇಡಿ.

*

ಬೆಳಗಾವಿಯಿಂದ, ನಿವೃತ್ತ ನ್ಯಾಯಾಲಯ ಭಾಷಾಂತರಕಾರರು:

ಮೇಷ್ಟರ ಮಾತು ಅರ್ಧ ಸರಿ. ಎರಡು ಪದಗಳನ್ನು ಬೇರೆ ಇಡಬೇಕೆಂಬುದು ಸರಿ, ಆದರೆ ಸಹಿ ಇಲ್ಲದಿದ್ದರೆ ಬಾಧಕವಿಲ್ಲವೆಂಬುದು ಸರಿಯಲ್ಲ. 1872ರ ಕರಾರು ಅಧಿನಿಯಮದಲ್ಲಿ ಬಾಯಿಮಾತಿನ ಕರಾರಿಗೂ ಜಾಗವಿದೆ, ಬೇರೆ ಕಾನೂನು ಲಿಖಿತವಾಗಿರಬೇಕೆಂದು ಹೇಳಿದ ಕಡೆ ಮಾತ್ರ ಕಾಗದ ಕಡ್ಡಾಯ. ನಾಳೆ ತಕರಾರು ಬಂದರೆ ಯಾರು ಏನು ಹೇಳಿದರೆಂದು ತೋರಿಸಲು ನಡಾವಳಿಯನ್ನೇ ಮುಂದಿಡುತ್ತಾರೆ.

ಅದೇ ಅಧಿನಿಯಮದ 7ನೆಯ ಕಲಮಿನ ಪ್ರಕಾರ ಸ್ವೀಕಾರವು ಪೂರ್ಣವಾಗಿ, ಷರತ್ತಿಲ್ಲದೆ ಇರಬೇಕು. ತಮ್ಮ ಅಧ್ಯಕ್ಷರ 42ಕ್ಕೆ ಪೂರೈಕೆದಾರರು ಎರಡು ಷರತ್ತು ಸೇರಿಸಿದ ಕೂಡಲೇ ಅದು ಒಪ್ಪಿಗೆಯಾಗಿ ಉಳಿಯದೆ ಅವರದೇ ಹೊಸ ಪ್ರಸ್ತಾವವಾಯಿತು, ಆದ್ದರಿಂದ ಅಲ್ಲಿ ‘ಒಪ್ಪಿರುತ್ತಾರೆ’ ಎಂಬ ಪದ ನಿಲ್ಲುವುದಿಲ್ಲ. ‘ಕೊಡತಕ್ಕದ್ದು’ ಎಂಬುದೂ ಇಲ್ಲಿಗೆ ಹೊಂದದು, ಏಕೆಂದರೆ ಅದು ಕರಾರುಪತ್ರ ಬಾಧ್ಯತೆ ಹೇರುವ ರೂಪ, ನಡಾವಳಿಯದು ನಡೆದದ್ದನ್ನು ವರದಿ ಮಾಡುವ ಕೆಲಸ. ತಮಗೆ ಬೇಕಾದದ್ದು ‘-ಉವುದಾಗಿ’ ಎಂಬ ರೂಪ. ‘ಕೊಡುವುದಾಗಿ ಒಪ್ಪಿದರು’ ಎಂದರೆ ಮಾತು ಕೊಟ್ಟರೆಂದೂ, ‘ಎಲ್ಲರಿಗೂ ಕೊಡುತ್ತಿರುವುದಾಗಿ ಹೇಳಿದರು’ ಎಂದರೆ ರೂಢಿಯನ್ನು ತಿಳಿಸಿದರೆಂದೂ ತಾನೇ ಬೇರೆಯಾಗುತ್ತದೆ.

*

ವಿಜಯಪುರದಿಂದ, ಮತ್ತೆ ನಾನು:

ಭಾಷಾಂತರಕಾರರಿಗೆ ಕೃತಜ್ಞತೆಗಳು. ಪೂರೈಕೆದಾರರಿಗೆ ಫೋನ್ ಮಾಡಿ, ಹಾಳಾದ ಬಾಕ್ಸ್‌ನ ಮಾತು ನಮ್ಮ ಸಂಘಕ್ಕೆ ಕೊಟ್ಟ ಮಾತೇ ಎಂದು ಕೇಳಿದೆ. ಇಳಿಸುವಾಗಲೇ ಎಣಿಸಿ ತೋರಿಸಿದರೆ ಹೌದು, ಕೋಲ್ಡ್ ಸ್ಟೋರೇಜಿನಲ್ಲಿ ತೇವ ಹಿಡಿದು ಕುಸಿದವುಗಳಿಗೆ ಅಲ್ಲ ಎಂದರು. ಒಂದು ಕ್ರಿಯಾಪದದ ಹಿಂದೆ ಇಷ್ಟು ಅಡಗಿತ್ತು. ವಕೀಲರಿಗೆ ಮತ್ತೆ ಕಳಿಸುವ ಕರಡು ಈಗ ಹೀಗಿದೆ:

‘ಹತ್ತು ಸಾವಿರ ಬಾಕ್ಸ್‌ಗಳನ್ನು ಒಂದೇ ಸಲಕ್ಕೆ ಎತ್ತಿ, 30 ದಿನಗಳಲ್ಲಿ ಹಣ ಪಾವತಿಸಿದರೆ ಬಾಕ್ಸ್ ಒಂದಕ್ಕೆ ರೂ. 42ರಂತೆ ಕೊಡುವುದಾಗಿ ಪೂರೈಕೆದಾರರು ಪ್ರಸ್ತಾವ ಮುಂದಿಟ್ಟರು. ಈ ದರದಲ್ಲಿ ಜಿಎಸ್‌ಟಿ ಸೇರಿದೆಯೇ ಎಂಬುದು ಚರ್ಚೆಯಾಗಲಿಲ್ಲ. ಇಳಿಸುವ ವೇಳೆ ಎಣಿಸಿ ತೋರಿಸಿದ ಹಾಳಾದ ಬಾಕ್ಸ್‌ಗಳನ್ನು ಬದಲಿಸಿ ಕೊಡುವುದಾಗಿ ಸಭೆಯ ನಂತರ ಫೋನಿನಲ್ಲಿ ಒಪ್ಪಿದರು.’

‘ಬಾಕಿ’ಯ ಬದಲು ‘ಇತ್ಯರ್ಥವಾಗದ ಅಂಶಗಳು’ ಎಂದು ಹಾಕಿದ್ದೇನೆ. ಆದರೆ ಅಧ್ಯಕ್ಷರ “ನೋಡೋಣ್ರಿ” ಇನ್ನೂ ತೊಡಕಾಗಿಯೇ ಇದೆ. ‘ಪರಿಶೀಲಿಸುವುದಾಗಿ ತಿಳಿಸಿದರು’ ಎಂದರೆ ನಾವು ಉತ್ತರ ಕೊಡುತ್ತೇವೆಂದು ಮಾತು ಕೊಟ್ಟಂತಾಗುತ್ತದೆ, ‘ಉತ್ತರಿಸಲಿಲ್ಲ’ ಎಂದರೆ ಅಧ್ಯಕ್ಷರಿಗೆ ಒಪ್ಪಿಗೆಯಿಲ್ಲ. ಅವರನ್ನೇ ಕೇಳಿದೆ. “ನೋಡೋಣ ಅಂದ್ರ ನೋಡೋಣ ಅಂತ ಬರಿ” ಎಂದರು.