ಪುಸ್ತಕದಲ್ಲಿ ಲಾಭ, ಕೈಯಲ್ಲಿ ದುಡ್ಡಿಲ್ಲ: ಸ್ಟಾಕ್ ದಿನದ ಲೆಕ್ಕ ಎಲ್ಲಿ ತಪ್ಪಿದೆ?

ಸ್ಪೇರ್ಸ್_ತುಮಕೂರು
ನಮ್ಮದು ಟೂ ವೀಲರ್ ಬಿಡಿಭಾಗಗಳ ಅಂಗಡಿ. ಕಳೆದ ವರ್ಷ ಜಿಎಸ್‌ಟಿ ಬಿಟ್ಟು 96 ಲಕ್ಷ ವ್ಯಾಪಾರ ಆಗಿದೆ. ಮಾರಿದ ಮಾಲಿನ ಅಸಲು 72 ಲಕ್ಷ. ಮಾರ್ಚ್ 31ಕ್ಕೆ ಸ್ಟಾಕ್ 18 ಲಕ್ಷ, ಅದರ ಹಿಂದಿನ ಮಾರ್ಚ್‌ನಲ್ಲಿ 12 ಲಕ್ಷ ಇತ್ತು. ಸ್ಟಾಕ್ ಎಷ್ಟು ದಿನದ ವ್ಯಾಪಾರಕ್ಕೆ ಆಗುತ್ತದೆ ಅಂತ ಡೇಸ್ ಇನ್ವೆಂಟರಿ ಹಾಕಿದರೆ 68 ದಿನ ಬಂತು. ಡಿಸ್ಟ್ರಿಬ್ಯೂಟರ್ 30 ದಿನ ಸಾಲ ಕೊಡುತ್ತಾರೆ. ಉಳಿದ 38 ದಿನಕ್ಕೆ ಏಳೂವರೆ ಲಕ್ಷ ಸಾಕು ಅನ್ನೋದು ನನ್ನ ಲೆಕ್ಕ. ಆದರೆ ಬ್ಯಾಂಕಿನ 10 ಲಕ್ಷದ ಓವರ್‌ಡ್ರಾಫ್ಟ್, ಅಂದರೆ ಓಡಿ, ಪೂರ್ತಿ ಬಳಕೆಯಾಗಿದೆ. ಮೆಕ್ಯಾನಿಕ್‌ಗಳಿಗೆ ಉದ್ರಿ ಕೊಡೋದು ತುಂಬಾ ಕಡಿಮೆ. ಮತ್ತೆ ದುಡ್ಡು ಎಲ್ಲಿ ಹೋಯ್ತು?

ಮಿತಖರ್ಚು
ಸ್ಟಾಕ್ ಜಾಸ್ತಿ ಇಟ್ಟಿದ್ದೀರಿ, ಅಷ್ಟೇ. 30 ದಿನಕ್ಕೆ ಇಳಿಸಿ. ಡಿಸ್ಟ್ರಿಬ್ಯೂಟರ್ ದುಡ್ಡಲ್ಲೇ ಅಂಗಡಿ ನಡೆಯುತ್ತದೆ.

ಸೀರೆ_ಅಂಗಡಿ
ನಮಗೂ ಇದೇ ಕಷ್ಟ. ದಸರಾಗೆ ಮುಂಚೆ ಗೋಡೌನ್ ತುಂಬಿರುತ್ತದೆ, ಮಾರ್ಚ್ ಹೊತ್ತಿಗೆ ಖಾಲಿ. ಮಾರ್ಚ್ ಅಂಕಿ ಹಿಡಿದರೆ 50 ದಿನ ಅನ್ನುತ್ತದೆ. ಬ್ಯಾಂಕ್‌ನವರಿಗೆ ಅದನ್ನೇ ತೋರಿಸೋದು 😄

ಖಾತೆ_ಕಿರ್ದಿ
ತುಮಕೂರಿನವರೇ, ನೀವು ಸ್ಟಾಕನ್ನು 96 ಲಕ್ಷದಿಂದ ಭಾಗಿಸಿದ್ದೀರಿ. ರ‍್ಯಾಕಿನಲ್ಲಿರುವ ಮಾಲು ಅಸಲಿನ ಲೆಕ್ಕದಲ್ಲಿದೆ, ವ್ಯಾಪಾರದಲ್ಲಿ ನಿಮ್ಮ ಲಾಭವೂ ಸೇರಿದೆ. ಅಸಲಿಗೆ ಅಸಲೇ ಹಿಡಿಯಬೇಕು:

```
18,00,000 ÷ 72,00,000 × 365 = 91 ದಿನ
72,00,000 ÷ 365 = ದಿನಕ್ಕೆ ಸುಮಾರು 19,700 ರೂ.
```

ಒಂದು ದಿನದ ಸ್ಟಾಕ್ ಅಂದರೆ ನಿಮ್ಮ ಅಂಗಡಿಯಲ್ಲಿ ಹತ್ತಿರ ಹತ್ತಿರ 20 ಸಾವಿರ ರೂಪಾಯಿ. 91ರಲ್ಲಿ 30 ದಿನ ಡಿಸ್ಟ್ರಿಬ್ಯೂಟರ್ ಹೊರುತ್ತಾರೆ. ಉಳಿದ 61 ದಿನ, ಅಂದರೆ 12 ಲಕ್ಷ, ನಿಮ್ಮ ತಲೆ ಮೇಲೆ. ಓಡಿಯ 10 ಲಕ್ಷ, ಮೇಲೆ 2 ಲಕ್ಷ ನಿಮ್ಮ ಕೈಯಿಂದ ಹೋಗಿದೆ. ಒಂದೇ ವರ್ಷದಲ್ಲಿ ಸ್ಟಾಕ್ 6 ಲಕ್ಷ ಏರಿದೆ ಅಲ್ವಾ? ಅದನ್ನು ಖರ್ಚು ಅಂತ ಬರೆಯೋದಿಲ್ಲ, ಹಾಗಾಗಿ ಲಾಭ ಕಮ್ಮಿ ಕಾಣೋದಿಲ್ಲ. ದುಡ್ಡು ಮಾತ್ರ ಹೋಗಿರುತ್ತದೆ.

ಎರಡು ಮಾರ್ಚ್‌ಗಳ ಸರಾಸರಿ 15 ಲಕ್ಷ ಹಿಡಿದರೆ 76 ದಿನ ಬರುತ್ತದೆ. ವರ್ಷ ಹೇಗೆ ನಡೆಯಿತು ಅಂತ ನೋಡೋಕೆ ಅದು ಸರಿ. ಇವತ್ತು ಎಷ್ಟು ಸಿಕ್ಕಿಕೊಂಡಿದೆ ಅನ್ನೋಕೆ ಇವತ್ತಿನ ಸ್ಟಾಕೇ ಬೇಕು. ಸೀರೆ ಅಂಗಡಿಯವರು ಎರಡನ್ನೂ ಬಿಟ್ಟು ಪ್ರತಿ ತಿಂಗಳ ಕೊನೆಯ ಸ್ಟಾಕಿನ ಸರಾಸರಿ ತೆಗೆಯಿರಿ. ಬ್ಯಾಂಕಿಗೆ ಏನು ತೋರಿಸುತ್ತೀರೋ ನನಗೆ ಗೊತ್ತಿಲ್ಲ, ನಿಮಗಾದರೂ ನಿಜ ಗೊತ್ತಿರಲಿ.

ಮಿತಖರ್ಚು
ನಾನು ಹೇಳಿದ್ದೂ ಅದೇ, ಇಳಿಸಿ ಅಂತ.

ಖಾತೆ_ಕಿರ್ದಿ
ಅಣ್ಣಾ, ಎಲ್ಲವನ್ನೂ 30ಕ್ಕೆ ಇಳಿಸಿದರೆ ಕ್ಲಚ್ ಕೇಬಲ್ ಇಲ್ಲ ಅನ್ನಬೇಕಾಗುತ್ತದೆ. ಮೆಕ್ಯಾನಿಕ್ ಪಕ್ಕದ ಅಂಗಡಿಗೆ ಹೋಗುತ್ತಾನೆ, ಆಯಿಲ್ಲೂ ಅಲ್ಲೇ ಕೊಳ್ಳುತ್ತಾನೆ. ಮೊದಲು ಸ್ಟಾಕನ್ನು ಬೇಗ ಹೋಗೋದು, ನಿಧಾನಕ್ಕೆ ಹೋಗೋದು ಅಂತ ಎರಡು ಭಾಗ ಮಾಡಿ ನೋಡಬೇಕು. ಟ್ಯಾಲಿ ಇದ್ದರೆ Statements of Inventory ಒಳಗೆ Ageing Analysis ನೋಡಿ.

ಸ್ಪೇರ್ಸ್_ತುಮಕೂರು
ನೋಡಿದೆ ಸರ್. ಬ್ರೇಕ್ ಶೂ, ಫಿಲ್ಟರ್, ಪ್ಲಗ್, ಕೇಬಲ್, ಆಯಿಲ್: ಸ್ಟಾಕ್ 6 ಲಕ್ಷ, ವರ್ಷದ ಅಸಲು 48 ಲಕ್ಷ. ಉಳಿದದ್ದೆಲ್ಲ ಸೇರಿ ಸ್ಟಾಕ್ 12 ಲಕ್ಷ, ಅಸಲು 24 ಲಕ್ಷ. ಮೇಲಿನ ರ‍್ಯಾಕಿನಲ್ಲಿ ಕಾರ್ಬುರೇಟರ್ ಕಿಟ್‌ಗಳೇ ಎರಡು ಸಾಲು ಇವೆ, ಡಬ್ಬದ ಮೇಲೆ ಧೂಳು.

ಖಾತೆ_ಕಿರ್ದಿ
ಅಲ್ಲಿಗೆ ಮೊದಲನೇ ಗುಂಪು 46 ದಿನ, ಎರಡನೆಯದು 183 ದಿನ. 91 ಅನ್ನೋದು ಇವೆರಡನ್ನೂ ಕಲಸಿದ ಅಂಕಿ. ಮೊದಲನೆಯದನ್ನು ಮುಟ್ಟಬೇಡಿ. ಎರಡನೆಯದನ್ನು 120 ದಿನಕ್ಕೆ ತಂದರೆ 4 ಲಕ್ಷದ ಮೇಲೆ ಬಿಡುಗಡೆ ಆಗುತ್ತದೆ. ಅದು ಒಂದು ಸಲ ಬರುವ ದುಡ್ಡು, ಪ್ರತಿ ವರ್ಷ ಬರೋದಿಲ್ಲ. 2020ರ ಏಪ್ರಿಲ್‌ನಲ್ಲಿ ಹೊಗೆಯ ಬಿಎಸ್6 ನಿಯಮ ಬಂದ ಮೇಲೆ ಹೊಸ ಗಾಡಿಗಳಿಗೆ ಹೆಚ್ಚಾಗಿ ಕಾರ್ಬುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್. ಹಳೇ ಗಾಡಿ ಓಡುವವರೆಗೆ ಕಿಟ್ ಹೋಗುತ್ತದೆ, ಆದರೆ ವರ್ಷಾವರ್ಷ ಕಮ್ಮಿ. ಇಷ್ಟೊಂದು ಯಾಕೆ ತಂದಿರಿ?

ಸ್ಪೇರ್ಸ್_ತುಮಕೂರು
ಸ್ಕೀಮ್ ಇತ್ತು ಸರ್. 4 ಲಕ್ಷದ ಮಾಲು ಎತ್ತಿದರೆ 3% ಹೆಚ್ಚು ರಿಯಾಯಿತಿ. ಆದರೆ ನಗದು ಕೊಡಬೇಕಿತ್ತು.

ಖಾತೆ_ಕಿರ್ದಿ
3% ಅಂದರೆ 12 ಸಾವಿರ. ಓಡಿ ಬಡ್ಡಿ 12% ಅಂತ ಇಟ್ಟುಕೊಳ್ಳಿ. ಆ ಮಾಲು 6 ತಿಂಗಳಲ್ಲಿ ಸಮವಾಗಿ ಮಾರಿಹೋದರೂ ಸರಾಸರಿ 2 ಲಕ್ಷ ಅರ್ಧ ವರ್ಷ ಸಿಕ್ಕಿಕೊಂಡಿರುತ್ತದೆ. ಬಡ್ಡಿ 12 ಸಾವಿರ. ಅಲ್ಲಿಗೆ ಅಲ್ಲಿಗೆ ಸರಿ! ಏಳನೇ ತಿಂಗಳಿಗೆ ಕಾಲಿಟ್ಟರೆ ನಷ್ಟ.

ಸೀರೆ_ಅಂಗಡಿ
ನಮ್ಮ ಕಡೆ ಹಳೇ ಡಿಸೈನ್ ಆಷಾಢದಲ್ಲಿ ಅಸಲಿಗೇ ಬಿಡುತ್ತೇವೆ. ನೀವೂ ಬಿಡಿ.

ಸ್ಪೇರ್ಸ್_ತುಮಕೂರು
ಕಿಟ್‌ಗೆ ಆಷಾಢ ಎಲ್ಲಿಂದ ಬರಬೇಕು ಮೇಡಂ! ಡಿಸ್ಟ್ರಿಬ್ಯೂಟರ್ ಅರ್ಧ ವಾಪಸ್ ತಗೊಳ್ಳೋಕೆ ಒಪ್ಪಿದ್ದಾರೆ, ಬದಲಿಗೆ ಬ್ರೇಕ್ ಶೂ ಕೊಡುತ್ತಾರಂತೆ.

ಇನ್ನೊಂದು ವಿಷಯ. ನಿನ್ನೆ ಭಾನುವಾರ ಕೂತು ಎಣಿಸಿದೆವು. ಟ್ಯಾಲಿಯಲ್ಲಿ ಈಗಲೂ 18 ಲಕ್ಷವೇ ತೋರಿಸುತ್ತಿದೆ, ರ‍್ಯಾಕಿನಲ್ಲಿ ಸಿಕ್ಕಿದ್ದು 16.6.

ಖಾತೆ_ಕಿರ್ದಿ
ಹಾಗಾದರೆ 91 ದಿನವೂ ತಪ್ಪು, ಲಾಭವೂ ತಪ್ಪು. 1.4 ಲಕ್ಷದ ಮಾಲು ಬಿಲ್ ಇಲ್ಲದೆ ಹೋಗಿದೆಯೋ, ಬಂದ ಮಾಲನ್ನು ಎರಡು ಸಲ ಏರಿಸಿದ್ದೀರೋ? ಖರೀದಿ ಬಿಲ್ಲುಗಳನ್ನು ಡಿಸ್ಟ್ರಿಬ್ಯೂಟರ್ ಸ್ಟೇಟ್‌ಮೆಂಟ್ ಜೊತೆ ಒಂದೊಂದಾಗಿ ತಾಳೆ ನೋಡಿ. ಆಮೇಲೆ ಇಲ್ಲೇ ಬರೆಯಿರಿ.