ಹೆರಿಗೆ ರಜೆಯ ಪತ್ರದಲ್ಲಿ ‘ಹಸ್ತಾಂತರ’, ‘ಬಿಡುಗಡೆ’, ‘ಮರುಸೇರ್ಪಡೆ’: ಈ ಪದಗಳು ಸರಿಯೇ?

ಎಲ್ಲರಿಗೂ ನಮಸ್ಕಾರ.

ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಚೇರಿಯಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಲೆಕ್ಕ ವಿಭಾಗದ ಹುಡುಗಿಯೊಬ್ಬಳಿಗೆ ಮೊದಲ ಹೆರಿಗೆ. ಡಾಕ್ಟರ್ ಕೊಟ್ಟ ದಿನ 2025ರ ಜುಲೈ 14. ಜೂನ್ 2ರಿಂದ ರಜೆ ಕೇಳಿದ್ದಾಳೆ. ಅವಳಿಗೆ ರಜೆ ಪತ್ರ ಬರೆಯಬೇಕು. ಜೊತೆಗೆ ಮ್ಯಾನೇಜರ್‌ಗೆ ಒಂದು ಟಿಪ್ಪಣಿ: ಅವಳ ಕೆಲಸ ಯಾರು ನೋಡಿಕೊಳ್ಳುತ್ತಾರೆ, ಅವಳು ಯಾವತ್ತು ಬರುತ್ತಾಳೆ, ಬಂದ ಮೇಲೆ ಹೇಗೆ ಅಂತ. ಎರಡೂ ಕನ್ನಡದಲ್ಲೇ ಆಗಬೇಕು. ಪತ್ರವನ್ನು ಮನೆಯಲ್ಲಿ ಅವಳ ಗಂಡ, ಅತ್ತೆ ಎಲ್ಲರೂ ಓದುತ್ತಾರೆ.

ಇದನ್ನು ಕೇಳುವುದಕ್ಕೆ ಕಾರಣ ಇದೆ. ಹಿಂದೆ ನಾನಿದ್ದ ಕಡೆ ಒಬ್ಬರಿಗೆ ಹೀಗೊಂದು ಪತ್ರ ಹೋಗಿತ್ತು: “ಹುದ್ದೆಯನ್ನು ಹಸ್ತಾಂತರಿಸಿದ ನಂತರ ತಮ್ಮನ್ನು ಕರ್ತವ್ಯದಿಂದ ಬಿಡುಗಡೆಗೊಳಿಸಲಾಗುವುದು. ಮರುಸೇರ್ಪಡೆಯನ್ನು ನಂತರ ಪರಿಶೀಲಿಸಲಾಗುವುದು.” ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮನೆಯವರು ಓದಿ ಕೆಲಸದಿಂದ ತೆಗೆದರು ಅಂದುಕೊಂಡರು. ತುಂಬು ಗರ್ಭಿಣಿ, ಪತ್ರ ಹಿಡಿದು ಅಳುತ್ತಾ ಬಂದಿದ್ದರು. ಆ ಮುಖ ನನಗೆ ಇನ್ನೂ ಮರೆತಿಲ್ಲ. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದನ್ನು ಕಾನೂನೇ ತಡೆಯುತ್ತದೆ. ಹಾಗಿರುವಾಗ ಪತ್ರದ ಕನ್ನಡ ಅದನ್ನೇ ಹೇಳಿದ ಹಾಗೆ ಕೇಳಬಾರದು, ಅಲ್ವಾ?

ಈ ಮೂರು ಪದಗಳಿಗೆ ಬದಲಾಗಿ ಏನು ಬರೆಯಲಿ?

*

ಹಾಸನದಿಂದ, ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು:

ಮೇಡಂ, ಮೂರೂ ಪದ ಸರಿಯಾದ ಪದಗಳೇ. ಆದರೆ ಅವು ವರ್ಗಾವಣೆಯ ಪದಗಳು. ಒಬ್ಬ ನೌಕರ ಅರಸೀಕೆರೆಯಿಂದ ಬೇಲೂರಿಗೆ ಹೋಗುವಾಗ ಅರಸೀಕೆರೆ ಕಚೇರಿ ಅವನನ್ನು ‘ಬಿಡುಗಡೆ’ ಮಾಡುತ್ತದೆ. ಅವನು ‘ಪ್ರಭಾರ ಹಸ್ತಾಂತರ’ ಮಾಡಿ ಹೋಗುತ್ತಾನೆ, ತಿರುಗಿ ಆ ಕುರ್ಚಿಗೆ ಬರುವುದಿಲ್ಲ. ಹಸ್ತಾಂತರ ಅಂದರೆ ಕೈ ಬದಲಾಯಿತು ಅಂತ. ಆಸ್ತಿ, ಅಧಿಕಾರ ಎಲ್ಲದಕ್ಕೂ ಅದೇ ಪದ. ಅದರಲ್ಲಿ ವಾಪಸು ಬರುವ ದಾರಿ ಇಲ್ಲ.

ರಜೆಗೆ ಹೋಗುವವರು ಹುದ್ದೆ ಕೊಡುವುದಿಲ್ಲ, ಕೆಲಸ ಕೊಡುತ್ತಾರೆ. ಹಾಗಾಗಿ ‘ರಜೆಯ ಅವಧಿಗೆ ಕೆಲಸ ವಹಿಸಿಕೊಡುವುದು’ ಅನ್ನಿ. ‘ಅವಧಿಗೆ’ ಅನ್ನುವುದನ್ನು ಬಿಡಬೇಡಿ. ಅವಧಿ ಮುಗಿದ ಮೇಲೆ ಕೆಲಸ ತಾನಾಗಿ ಹಿಂದಕ್ಕೆ ಬರುತ್ತದೆ ಅನ್ನುವುದು ಆ ಒಂದು ಮಾತಿನಲ್ಲೇ ಇದೆ. ‘ಬಿಡುಗಡೆ’ ಪೂರ್ತಿ ತೆಗೆಯಿರಿ. ‘ರಜೆಯ ಮೇಲೆ ತೆರಳುತ್ತಾರೆ’ ಸಾಕು. ‘ಮರುಸೇರ್ಪಡೆ’ ಬೇಡವೇ ಬೇಡ. ಬಿಟ್ಟುಹೋದವರು ಮತ್ತೆ ಸೇರುತ್ತಾರೆ, ರಜೆ ಮುಗಿಸಿದವರು ‘ಕೆಲಸಕ್ಕೆ ಹಾಜರಾಗುತ್ತಾರೆ’. ಮುಂದೆ ಯಾರಾದರೂ ಕಡತ ನೋಡಿ ಸೇವೆ ಮಧ್ಯೆ ಕಡಿದಿತ್ತು ಅನ್ನುವುದಕ್ಕೆ ಆ ಪದ ಆಸ್ಪದ ಕೊಡುತ್ತದೆ.

ಇನ್ನೊಂದು. ‘ಅನುಮೋದನೆ’ ಬದಲು ‘ಮಂಜೂರು’ ಬರೆಯಿರಿ. ನಮ್ಮಲ್ಲಿ ಕೆಳಗಿನವರು ಶಿಫಾರಸು ಮಾಡುತ್ತಾರೆ, ಅಧಿಕಾರ ಇರುವವರು ಮಂಜೂರು ಮಾಡುತ್ತಾರೆ. ಮಂಜೂರು ಅಂದರೆ ಅಲ್ಲಿಗೆ ಮುಗಿಯಿತು.

*

ಕಡೂರಿನಿಂದ, ಪ್ರೌಢಶಾಲೆಯ ಶಿಕ್ಷಕರು:

ಹಿರಿಯರು ಹೇಳಿದ್ದು ಒಪ್ಪುತ್ತೇನೆ. ರಜೆ 180 ದಿನ ಅಂತ ಸ್ಪಷ್ಟವಾಗಿ ನಮೂದಿಸಿ. ನನ್ನ ಹೆಂಡತಿಗೂ ಅಷ್ಟೇ ಸಿಕ್ಕಿತ್ತು. ಜೂನ್ 2ರಿಂದ ಎಣಿಸಿದರೆ ನವೆಂಬರ್ 28ಕ್ಕೆ ಮುಗಿಯುತ್ತದೆ. ಮತ್ತೆ, ‘ಹೆರಿಗೆ ರಜೆ’ ಅನ್ನುವುದಕ್ಕಿಂತ ‘ಮಾತೃತ್ವ ರಜೆ’ ಗೌರವವಾಗಿ ಕೇಳುತ್ತದೆ.

*

ಹಾಸನದಿಂದ, ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್:

ಅಕ್ಕಾ, ನನಗೆ ರಜೆಯ ದುಡ್ಡು ಫ್ಯಾಕ್ಟರಿ ಕೊಡಲಿಲ್ಲ, ಇಎಸ್‌ಐನಿಂದ ಬಂತು. ನಿಮ್ಮ ಹುಡುಗಿ ಇಎಸ್‌ಐನಲ್ಲಿ ಇದ್ದಾಳಾ ನೋಡಿ. ಇದ್ದರೆ ಪತ್ರದಲ್ಲಿ ‘ಸಂಬಳ ಸಹಿತ’ ಅಂತ ಬರೆದು ಆಮೇಲೆ ಗೊಂದಲ ಆಗುತ್ತದೆ. ನಮ್ಮಲ್ಲಿ ‘ಮಗು ಹುಟ್ಟಿದ ದಿನದಿಂದ 26 ವಾರ’ ಅಂತ ತುಂಬಾ ಜನ ತಿಳಿದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡು ಒಂದು ತಿಂಗಳು ತಡವಾಗಿ ಹೋಗಿದ್ದೆ. ನಮ್ಮ ಪತ್ರದಲ್ಲಿ ‘ಹೆರಿಗೆಗಾಗಿ 26 ವಾರ’ ಅಂತ ಮಾತ್ರ ಇತ್ತು, ಯಾವತ್ತು ಬರಬೇಕು ಅಂತ ಇರಲಿಲ್ಲ.

*

ನನ್ನ ಉತ್ತರ:

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, 180 ದಿನ ರಾಜ್ಯ ಸರ್ಕಾರದ ನೌಕರರ ಲೆಕ್ಕ. ನಮ್ಮಂಥ ಖಾಸಗಿ ಕಡೆಗೆ ಹೆರಿಗೆ ಸೌಲಭ್ಯದ ಕೇಂದ್ರ ಕಾನೂನು. ಅದರಲ್ಲಿ ಮೊದಲು 12 ವಾರ ಇತ್ತು, 2017ರ ತಿದ್ದುಪಡಿಯಲ್ಲಿ 26 ವಾರ ಆಯಿತು, ಅಂದರೆ 182 ದಿನ. ಎರಡೇ ದಿನದ ವ್ಯತ್ಯಾಸ ಅನ್ನಬಹುದು. ಆದರೆ ಅದು ಅವಳ ಎರಡು ದಿನ. ‘ಮಾತೃತ್ವ’ ನನಗೆ ಒಗ್ಗಲಿಲ್ಲ. ನಮ್ಮ ಕಡೆ ಹೆರಿಗೆ ಅನ್ನುವುದರಲ್ಲಿ ಅಗೌರವ ಏನೂ ಇಲ್ಲ, ಸರ್ಕಾರದ ಆದೇಶಗಳಲ್ಲೂ ‘ಹೆರಿಗೆ ರಜೆ’ ಅಂತಲೇ ಇರುತ್ತದೆ.

ತಂಗಿ, ನೀವು ಹೇಳಿದ್ದು ತುಂಬಾ ಉಪಯೋಗ ಆಯಿತು. ನಮ್ಮ ಹುಡುಗಿ ಇಎಸ್‌ಐನಲ್ಲಿ ಇಲ್ಲ, ದುಡ್ಡು ನಮ್ಮ ಕಚೇರಿಯೇ ಕೊಡಬೇಕು. ಆದರೆ ‘26 ವಾರ’ ಯಾವತ್ತಿನಿಂದ ಅನ್ನುವುದು ನಿಜವಾಗಿ ಮಾತಿನ ಸಮಸ್ಯೆ. ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು, ಅದೂ 26ರಲ್ಲೇ ಸೇರುತ್ತದೆ. ಇವಳು ಮುಂಚೆ 6 ವಾರ ತೆಗೆದುಕೊಂಡರೆ ಆಮೇಲೆ ಉಳಿಯುವುದು 20. ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿದೆ. ಜೂನ್ 2ರಿಂದ 182ನೇ ದಿನ ನವೆಂಬರ್ 30, ಭಾನುವಾರ. ಆದರೆ ‘ನವೆಂಬರ್ 30ರವರೆಗೆ’ ಅಂದರೆ 30 ಸೇರಿತೋ ಇಲ್ಲವೋ ಅಂತ ನಮ್ಮ ಕಚೇರಿಯಲ್ಲೇ ಇಬ್ಬರು ಎರಡು ಥರ ಹೇಳಿದರು. ಅದಕ್ಕೆ ಪತ್ರದ ಮುಖ್ಯ ಭಾಗ ಹೀಗೆ ಬರೆದಿದ್ದೇನೆ:

“ತಮಗೆ 2-6-2025ರಿಂದ 30-11-2025ರವರೆಗೆ, ಎರಡೂ ದಿನ ಸೇರಿ, 182 ದಿನಗಳ ಹೆರಿಗೆ ರಜೆಯನ್ನು ಸಂಬಳ ಸಹಿತ ಮಂಜೂರು ಮಾಡಲಾಗಿದೆ. ಹೆರಿಗೆಗೆ ಮುಂಚಿನ ದಿನಗಳೂ ಇದರಲ್ಲಿ ಸೇರಿವೆ. ತಾವು 1-12-2025ರ ಸೋಮವಾರ ಇದೇ ಹುದ್ದೆಯಲ್ಲಿ ಕೆಲಸಕ್ಕೆ ಹಾಜರಾಗುವುದು.”

‘ಇದೇ ಹುದ್ದೆಯಲ್ಲಿ’ ನಾನೇ ಸೇರಿಸಿದ್ದು. ಮನೆಯವರು ಮೊದಲು ಹುಡುಕುವುದು ಅದನ್ನೇ.

ಮ್ಯಾನೇಜರ್‌ಗೆ ಕೊಡುವ ಟಿಪ್ಪಣಿಗೆ ‘ರಜೆಯ ಅವಧಿಗೆ ಕೆಲಸ ವಹಿಸಿಕೊಟ್ಟ ವಿವರ’ ಅಂತ ಹೆಸರಿಟ್ಟೆ. ಬೆಳೆಗಾರರ ಬಿಲ್ಲು ಒಬ್ಬರಿಗೆ, ದಾಸ್ತಾನು ಪುಸ್ತಕ ಇನ್ನೊಬ್ಬರಿಗೆ. ಮಳೆಗಾಲದಲ್ಲಿ ಕೆಲಸ ಕಡಿಮೆ, ಅಷ್ಟು ಕಷ್ಟ ಇಲ್ಲ. ಕಷ್ಟ ಇರುವುದು ಡಿಸೆಂಬರ್‌ನಲ್ಲಿ. ಅವಳು ಬರುವ ಹೊತ್ತಿಗೆ ಅರೇಬಿಕಾ ಕೊಯ್ಲು ನಡೆಯುತ್ತಿರುತ್ತದೆ, ಹೊಸ ಪಾರ್ಚ್‌ಮೆಂಟ್ ಕಾಫಿ ಬರಲು ಶುರುವಾಗಿರುತ್ತದೆ. ಬಂದ ದಿನವೇ ಎಲ್ಲ ಅವಳ ಮೇಲೆ ಬೀಳಬಾರದು ಅಂತ, ಮೊದಲ ಎರಡು ವಾರ ಈಗ ನೋಡಿಕೊಳ್ಳುವವರು ಜೊತೆಗಿರಬೇಕು ಅಂತ ಬರೆದೆ. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲು ಕುಡಿಸಲು ಬಿಡುವು ಕೊಡಬೇಕು, ಊಟದ ಬಿಡುವು ಬೇರೆ. ಅದನ್ನೂ ‘ಹಾಲೂಡಿಸುವ ಬಿಡುವು’ ಅಂತ ಬರೆದೆ. ‘ಸ್ತನ್ಯಪಾನ ವಿರಾಮ’ ಅಂತ ಬರೆದರೆ ನಮ್ಮ ಮ್ಯಾನೇಜರ್ ಜೋರಾಗಿ ಓದುವುದಕ್ಕೂ ಮುಜುಗರಪಡುತ್ತಾರೆ, ಆ ಹುಡುಗಿ ಕೇಳುವುದಕ್ಕೂ.

*

ಹಾಸನದ ನಿವೃತ್ತರು ಮತ್ತೆ:

ಪತ್ರ ಚೆನ್ನಾಗಿದೆ ಮೇಡಂ. ಒಂದೇ ಮಾತು. ‘ಹಾಜರಾಗುವುದು’ ಅಂದರೆ ಆಜ್ಞೆಯ ದನಿ. ನಮ್ಮ ಕಾಲದಲ್ಲಿ ಅದೇ ರೂಢಿ. ನಿಮ್ಮ ಕಚೇರಿಗೆ ‘ಹಾಜರಾಗಬೇಕಾಗಿ ಕೋರಿದೆ’ ಹೊಂದಬಹುದು.

*

ನನ್ನದು:

‘ಕೋರಿದೆ’ ಅಂದರೆ ಬರದಿದ್ದರೂ ನಡೆಯುತ್ತದೆ ಅನ್ನುವ ಹಾಗೆ ಕೇಳುವುದಿಲ್ಲವೇ ಸಾರ್? ‘ಹಾಜರಾಗುವಿರಿ’ ಅಂತ ಬರೆದರೆ ಹೇಗೆ ಅಂತ ಯೋಚಿಸುತ್ತಿದ್ದೇನೆ. ಆಜ್ಞೆಯೂ ಅಲ್ಲ, ಬೇಡಿಕೆಯೂ ಅಲ್ಲ. ಪತ್ರ ಶುಕ್ರವಾರ ಸಹಿಗೆ ಹೋಗಬೇಕು. ಬೇರೆಯವರಿಗೆ ಏನನ್ನಿಸುತ್ತದೆ, ಅಷ್ಟರೊಳಗೆ ದಯವಿಟ್ಟು ತಿಳಿಸಿ.