ರಿವ್ಯೂ ಬರೆಯೋಕೆ ಮೊದಲು ₹2,999 ಪ್ಯಾಕ್ ತಗೋಬೇಕಂತೆ, ಅನುಭವ ಇದ್ದವರು ಹೇಳಿ

ಕೇಳಿದವರು: ಟೆಲಿಗ್ರಾಂನಲ್ಲಿ ಹೋಟೆಲ್‌ಗಳಿಗೆ ರಿವ್ಯೂ ಬರೆಯೋ ಕೆಲಸ ಸಿಕ್ಕಿದೆ. ಮೂರು ರಿವ್ಯೂಗೆ ₹150 ಖಾತೆಗೆ ಬಂದೂ ಬಿಟ್ಟಿದೆ. ಈಗ ₹2,999ರ ಸ್ಟಾರ್ಟರ್ ಪ್ಯಾಕ್ ತಗೊಂಡರೆ ದಿನಕ್ಕೆ ಐದು ಕೆಲಸ, ಒಂದಕ್ಕೆ ₹50 ಅಂತಾರೆ. ₹5,000 ಆದ ಮೇಲೆ ತೆಗೀಬಹುದಂತೆ. ದುಡ್ಡು ಬಂದಿದೆಯಲ್ಲ, ಅಸಲಿ ಇರಬಹುದಾ?

ಹುಬ್ಬಳ್ಳಿಯವರು: ಸ್ಪೀಕ್ ಏಷ್ಯಾ ಅನ್ನೋ ಆನ್‌ಲೈನ್ ಸರ್ವೆ ಕಂಪನಿ ನೆನಪಿದೆಯಾ? ₹11,000 ಕಟ್ಟಿದರೆ ವಾರಕ್ಕೆ ಎರಡು ಸರ್ವೆ, ಒಂದಕ್ಕೆ ₹500. ಮೊದಮೊದಲು ದುಡ್ಡು ಬರ್ತಾನೇ ಇತ್ತು, ಅದನ್ನು ನೋಡಿಯೇ ಜನ ನೆಂಟರನ್ನೆಲ್ಲ ಸೇರಿಸಿದರು. 2011ರಲ್ಲಿ ನಿಂತು ಹೋಯ್ತು. ದುಡ್ಡು ಬಂತು ಅನ್ನೋದು ಗುರುತಲ್ಲ ರೀ.

ತುಮಕೂರಿನ ಗೃಹಿಣಿ: ನಾನು ಫ್ರೀ ಸರ್ವೆ ಆ್ಯಪ್ ಬಳಸ್ತೀನಿ, ಒಂದು ಪೈಸೆ ಕಟ್ಟಿಲ್ಲ. ಹತ್ತು ನಿಮಿಷ ಉತ್ತರ ಕೊಟ್ಟ ಮೇಲೆ "ನೀವು ಈ ಸರ್ವೆಗೆ ಹೊಂದಲ್ಲ" ಅಂತ ಹೊರಗೆ ಹಾಕ್ತಾರೆ. ಇದಕ್ಕೇನಾದ್ರೂ ಉಪಾಯ ಇದೆಯಾ?

ಬ್ಯಾಂಕ್ ಕೆಲಸದಲ್ಲಿರುವವರು: ಆ ₹150 ಯಾರ ಹೆಸರಿಂದ ಬಂದಿದೆ ಅಂತ ಪಾಸ್‌ಬುಕ್‌ನಲ್ಲಿ ನೋಡಿ. ಕಂಪನಿ ಹೆಸರು ಇರಲ್ಲ, ಯಾರೋ ಒಬ್ಬ ವ್ಯಕ್ತಿಯದೋ ಅಂಗಡಿಯದೋ ಇರುತ್ತೆ. ಎಷ್ಟೋ ಸಲ ಅದು ನಿಮ್ಮಂತೆ ಪ್ಯಾಕ್ ಕೊಂಡ ಇನ್ನೊಬ್ಬರ ದುಡ್ಡು. ಅವರು ದೂರು ಕೊಟ್ಟರೆ ಪೊಲೀಸರು ದುಡ್ಡು ಹೋದ ದಾರಿ ಹಿಡಿದು ಬರ್ತಾರೆ. ಆಗ ನಿಮ್ಮ ಖಾತೆಯಲ್ಲೂ ಆ ಮೊತ್ತಕ್ಕೆ ತಡೆ ಬೀಳಬಹುದು, ಕೆಲವೊಮ್ಮೆ ಇಡೀ ಖಾತೆಗೇ.

ಇನ್ನು ಲೆಕ್ಕ. ದಿನಕ್ಕೆ ₹250 ಆದರೆ ₹5,000 ಆಗೋಕೆ 20 ದಿನ. ಆ ಮೊತ್ತ ಇರೋದು ಅವರ ಪುಟದಲ್ಲಿ, ನಿಮ್ಮ ಖಾತೆಯಲ್ಲಲ್ಲ. ಅಷ್ಟರೊಳಗೆ "ದೊಡ್ಡ ಕೆಲಸ ಬಂದಿದೆ, ₹8,000 ಹಾಕಿ ₹10,400 ತಗೊಳ್ಳಿ" ಅಂತ ಬರುತ್ತೆ. ತೆಗೆಯೋಕೆ ಹೋದರೆ "ಸ್ಕೋರ್ ಕಮ್ಮಿ ಆಗಿದೆ, ಸರಿಮಾಡೋಕೆ ಕಟ್ಟಿ", ಆಮೇಲೆ "ತೆರಿಗೆ ಕಟ್ಟಿ". ನಮ್ಮ ಶಾಖೆಗೆ ಬರೋರು ಹೆಚ್ಚಿನವರು ಕಳಕೊಳ್ಳೋದು ಇಲ್ಲೇ. ಪ್ಯಾಕ್ ದುಡ್ಡು ಅದರ ಮುಂದೆ ಏನೂ ಅಲ್ಲ.

ಮೈಸೂರಿನ ವಿದ್ಯಾರ್ಥಿ: ಭಯ ಬೇಡ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ದುಡ್ಡು ವಾಪಸ್ ಬರುತ್ತೆ.

ಬ್ಯಾಂಕ್ ಕೆಲಸದಲ್ಲಿರುವವರು: ಅರ್ಧ ನಿಜ ತಮ್ಮಾ. 1930 ಇರೋದು ದುಡ್ಡನ್ನು ದಾರಿಯಲ್ಲೇ ತಡೆಯೋಕೆ. ಎದುರಿನ ಖಾತೆಯಿಂದ ಅದು ಹೊರಗೆ ಹೋಗೋ ಮುಂಚೆ ಫೋನ್ ಆಗಬೇಕು. ತಡೆದ ದುಡ್ಡು ಕೈಗೆ ಬರೋಕೂ ಎಷ್ಟೋ ಸಲ ಕೋರ್ಟ್ ಆದೇಶ ಬೇಕಾಗುತ್ತೆ. ದೂರನ್ನು cybercrime.gov.in ನಲ್ಲೂ ಹಾಕಬೇಕು. ಚಾಟ್ ಅಳಿಸಬೇಡಿ, ದುಡ್ಡು ಕಳಿಸಿದಾಗ ಬರೋ ಯುಟಿಆರ್ ನಂಬರ್ ಇಟ್ಟುಕೊಳ್ಳಿ.

ಕೇಳಿದವರು: ನೋಡಿದೆ, ಯಾರೋ ಗಂಡಸಿನ ಹೆಸರಿದೆ, ಊರೂ ಗೊತ್ತಿಲ್ಲ. ಈ ₹150 ವಾಪಸ್ ಕಳಿಸಿಬಿಡ್ಲಾ?

ಹುಬ್ಬಳ್ಳಿಯವರು: ಕಳಿಸಿಬಿಡಿ, ರಗಳೆ ಬೇಡ.

ಬ್ಯಾಂಕ್ ಕೆಲಸದಲ್ಲಿರುವವರು: ನಾನಾದರೆ ಕಳಿಸಲ್ಲ. ಆ ಖಾತೆಯೇ ಮೋಸದವರ ಕೈಯಲ್ಲಿದ್ದರೆ? ಮೊದಲು ನಿಮ್ಮ ಶಾಖೆಗೆ ಹೋಗಿ, ಇಂಥ ದುಡ್ಡು ಬಂದಿದೆ ಅಂತ ಪತ್ರ ಬರೆದು ಕೊಟ್ಟು, ಸೀಲ್ ಹಾಕಿದ ನಕಲು ತಗೊಳ್ಳಿ.

ತುಮಕೂರಿನ ಗೃಹಿಣಿ: ನನ್ನ ಆ್ಯಪ್ ವಿಷಯ ಯಾರೂ ಹೇಳಲೇ ಇಲ್ಲ!